ತೇಪೆ ಹಾಕಿದ ಜಾಗದಲ್ಲೇ ಪ್ರಾಡಕ್ಟ್ ಇರುತ್ತದೆ

ಪ್ರಶ್ನೆ: ಪಂಪು, ಮೋಟಾರು ತಯಾರಿಸುವ ಒಂದು ದೊಡ್ಡ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಈಗ ವಾರಂಟಿ ಕ್ಲೇಮ್ ನೋಡುವ ಟೀಮಿನಲ್ಲಿದ್ದೇನೆ. ಮನೆ ಸಾಲ ಇದೆ, ಕೆಲಸ ಬಿಡುವ ಮಾತೇ ಇಲ್ಲ. ಆದರೆ ಕಂಪನಿಯೊಳಗೇ ಒಂದು ಹೊಸ ಪ್ರಾಡಕ್ಟ್ ಶುರು ಮಾಡಬೇಕು ಅಂತ ಆಸೆ. ಎರಡು ಸಲ ಐಡಿಯಾ ಸ್ಪರ್ಧೆಗೆ ಹೆಸರು ಕೊಟ್ಟೆ. ಒಂದು ಸಲ ಬಹುಮಾನವೂ ಬಂತು, ಆಮೇಲೆ ಅದರ ಸುದ್ದಿಯೇ ಇಲ್ಲ. ಒಳ್ಳೆ ಐಡಿಯಾ ಎಲ್ಲಿ ಹುಡುಕೋದು? ಮ್ಯಾನೇಜರ್‌ಗೆ ಯಾವಾಗ ಹೇಳೋದು?

ಉತ್ತರ:

ನಿಮ್ಮ ಬಹುಮಾನದ ಐಡಿಯಾ ಯಾಕೆ ಸತ್ತುಹೋಯಿತು ಅನ್ನುವುದನ್ನು ನಾನು ಊಹಿಸಬಲ್ಲೆ. ಸ್ಪರ್ಧೆ ಶುಕ್ರವಾರ ಮುಗಿಯುತ್ತದೆ. ಸೋಮವಾರ ಬೆಳಗ್ಗೆ ಅದಕ್ಕಾಗಿ ಕಾಯುತ್ತಾ ಕೂತವರು ಕಂಪನಿಯಲ್ಲಿ ಒಬ್ಬರೂ ಇರುವುದಿಲ್ಲ. ಜಡ್ಜುಗಳಿಗೆ ಇಷ್ಟವಾಗಿತ್ತು, ನಿಜ. ಆದರೆ ಅದು ಇಲ್ಲ ಅಂತ ಯಾರ ಕೆಲಸವೂ ನಿಂತಿರಲಿಲ್ಲ.

ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ. ಕಂಪನಿಯಲ್ಲಿ ಯಾರು ಎಲ್ಲಿ ತೇಪೆ ಹಾಕಿದ್ದಾರೆ ನೋಡಿ. ದೊಡ್ಡ ಕಂಪನಿಯಲ್ಲಿ ಸಿಸ್ಟಮ್ ಒಂದು ಇರುತ್ತದೆ, ಕೆಲಸ ನಡೆಯುವುದು ಇನ್ನೊಂದು ಥರ. ಆ ಎರಡರ ನಡುವೆ ಹರಿದ ಜಾಗದಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಕೈಯಾರೆ ಹೊಲಿಗೆ ಹಾಕಿರುತ್ತಾರೆ. ಯಾರೂ ಕೇಳದೇ ಇದ್ದರೂ ಬರೆದಿಟ್ಟುಕೊಂಡ ಒಂದು ಎಕ್ಸೆಲ್ ಶೀಟು. ಎಲ್ಲರೂ ಫೋನ್ ಮಾಡಿ ಕೇಳುವ ಒಬ್ಬ ಹಳೇ ಮನುಷ್ಯ. ಸೇಲ್ಸ್‌ನವರು ಬಿಲ್ಲಿಲ್ಲದೆ ಸುಮ್ನೆ ಕೊಟ್ಟುಬರುವ ಒಂದು ಸಾಮಾನು. ಇವೆಲ್ಲ ತೇಪೆಗಳೇ. ಸಂಬಳಕ್ಕೆ ಸೇರದ ಶ್ರಮವನ್ನು ಒಬ್ಬರು ವರ್ಷಗಟ್ಟಲೆ ಮಾಡುತ್ತಿದ್ದಾರೆ ಅಂದರೆ ಅಲ್ಲೊಂದು ನಿಜವಾದ ತೊಂದರೆ ಇದೆ ಅಂತಲೇ ಅರ್ಥ.

ನನ್ನದೇ ಒಂದು ಕೇಸ್ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. 2013ರ ಹೊತ್ತಿಗೆ ನಾನು ಡೀಸೆಲ್ ಜನರೇಟರ್ ಮಾಡುವ ಒಂದು ಕಂಪನಿಯ ಸರ್ವಿಸ್ ವಿಭಾಗದಲ್ಲಿದ್ದೆ. ನಮ್ಮಲ್ಲಿ ಸ್ಪೇರ್ ಡೆಸ್ಕ್ ಅಂತ ಒಂದು ಮೂಲೆ. ಅಲ್ಲಿ ಒಬ್ಬ ಮೇಡಂ ಹದಿನಾರು ವರ್ಷದಿಂದ ಕೂತಿದ್ದರು. ಸರ್ವಿಸ್ ಇಂಜಿನಿಯರುಗಳು ಪಾರ್ಟ್ ನಂಬರ್ ಬೇಕಾದರೆ ಕಂಪ್ಯೂಟರ್ ನೋಡುತ್ತಿರಲಿಲ್ಲ, ನೇರ ಅವರಿಗೇ ಫೋನ್ ಮಾಡುತ್ತಿದ್ದರು. ಒಂದಿನ ಚಹಾ ಹೊತ್ತಲ್ಲಿ ಅವರ ಪರದೆ ನೋಡಿದೆ. ಒಂದು ಎಕ್ಸೆಲ್ ಶೀಟು, ನಾಲ್ಕು ಸಾವಿರಕ್ಕೂ ಜಾಸ್ತಿ ಸಾಲು. ಒಂದು ಕಾಲಮ್ಮಿನಲ್ಲಿ ಮಾಡೆಲ್, ಪಕ್ಕದಲ್ಲಿ ಪುಸ್ತಕದಲ್ಲಿರುವ ಪಾರ್ಟ್ ನಂಬರ್, ಅದರ ಪಕ್ಕ 'ನಿಜವಾಗಿ ಕೂರೋದು' ಅಂತ ತಲೆಬರಹ. ಹಳದಿ ಬಣ್ಣ ಬಳಿದ ಸಾಲುಗಳಲ್ಲಿ ಪುಸ್ತಕದ ನಂಬರೂ ನಿಜವಾಗಿ ಕೂರೋದೂ ಬೇರೆ ಬೇರೆ. ಅಂಥ ಸಾಲುಗಳೇ ಆರುನೂರರ ಹತ್ತಿರ ಇದ್ದವು.

ಕಾರಣ ಸರಳ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ವರ್ಷ ಬೇರೆ ಸಪ್ಲೈಯರಿನಿಂದ ಫಿಲ್ಟರು, ಸೀಲು, ಬೆಲ್ಟು ಬಂದಿದ್ದವು. ಕ್ಯಾಟಲಾಗ್ ತಿದ್ದುವವರು ಹಿಂದೆ ಬಿದ್ದಿದ್ದರು. ಮೇಡಂ ಮಾತ್ರ ಪ್ರತಿ ಸಲ ತಪ್ಪು ಪಾರ್ಟ್ ವಾಪಸ್ ಬಂದಾಗ ಒಂದು ಸಾಲು ಸೇರಿಸಿಕೊಂಡು ಹೋಗುತ್ತಿದ್ದರು. ಅವರು ರಜೆ ಹಾಕಿದ ದಿನ ನಮ್ಮ ವಿಭಾಗವೇ ಕುಂಟುತ್ತಿತ್ತು.

ತೇಪೆ ಸಿಕ್ಕಿತು ಅಂತ ಕುಣಿಯಬೇಡಿ. ಮುಂದಿನ ಕೆಲಸ ಎಣಿಸುವುದು. ಇಲ್ಲಿ ಜನ ಸೋಮಾರಿತನ ಮಾಡುತ್ತಾರೆ. "ತುಂಬಾ ಟೈಮ್ ವೇಸ್ಟ್ ಆಗ್ತಿದೆ" ಅಂತ ಸ್ಲೈಡ್ ಹಾಕುತ್ತಾರೆ, ಎಷ್ಟು ಅಂತ ಕೇಳಿದರೆ ತಡವರಿಸುತ್ತಾರೆ. ನಾನು ಒಂದೇ ಒಂದು ರೀಜನ್ ತೆಗೆದುಕೊಂಡು ಎಂಟು ವಾರದ ಸರ್ವಿಸ್ ಕಾಲ್ ಒಂದೊಂದಾಗಿ ಓದಿದೆ. ಒಟ್ಟು 420. ಅದರಲ್ಲಿ ಇಂಜಿನಿಯರ್ ಎರಡನೇ ಸಲ ಹೋಗಬೇಕಾಗಿ ಬಂದದ್ದು 63. ಆ 63ರಲ್ಲಿ ಪಾರ್ಟ್ ತಪ್ಪಿದ್ದಕ್ಕೇ ಹೋದದ್ದು 41. ಸಿಸ್ಟಮ್ಮಿನಲ್ಲಿ ಇದು ಹಾಗೆ ಬರೆದಿರಲಿಲ್ಲ, ಅದೂ ಹೇಳಬೇಕು. 'ಕಸ್ಟಮರ್ ನಾಟ್ ರೆಡಿ' ಅಂತಲೋ, 'ಸೈಟ್ ಪೆಂಡಿಂಗ್' ಅಂತಲೋ ಆರಿಸಿ ಮುಚ್ಚಿದ್ದರು. ಇಂಜಿನಿಯರಿಗೆ ಫೋನ್ ಮಾಡಿ ಕೇಳಿದಾಗಲೇ ನಿಜ ಗೊತ್ತಾಗಿದ್ದು. ಡ್ರಾಪ್‌ಡೌನ್‌ನಲ್ಲಿ ಇಲ್ಲದ ಕಾರಣ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ, ಇದನ್ನು ನೆನಪಿಡಿ. ಡ್ಯಾಶ್‌ಬೋರ್ಡ್ ನೋಡಿ ಐಡಿಯಾ ಹುಡುಕುವವರಿಗೆ ಏನೂ ಸಿಗದೇ ಇರುವುದು ಇದಕ್ಕೇ.

ಒಂದು ಎರಡನೇ ಭೇಟಿಗೆ ಅರ್ಧ ದಿನದ ಸಂಬಳ, ಪೆಟ್ರೋಲು, ಕೊರಿಯರ್ ಸೇರಿ ₹1,400 ಅಂತ ಹಿಡಿದೆ. ಎಂಟು ವಾರಕ್ಕೆ ₹57,400. ವರ್ಷಕ್ಕೆ ಮೂರೂ ಮುಕ್ಕಾಲು ಲಕ್ಷದ ಆಸುಪಾಸು. ಬಹಳ ಉತ್ಸಾಹದಿಂದ ನಮ್ಮ ರೀಜನಲ್ ಮ್ಯಾನೇಜರ್ ಮುಂದೆ ಇಟ್ಟೆ. ಅವರು ನೋಡಿ, "ಒಳ್ಳೇದು, ಐಟಿಯವರಿಗೆ ಒಂದು ಟಿಕೆಟ್ ಹಾಕಿ" ಅಂದರು. ಅಷ್ಟೇ.

ಆಗ ಬೇಜಾರಾಗಿತ್ತು. ಈಗ ನೋಡಿದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ನಾನು ತೋರಿಸಿದ್ದು ಒಂದು ರಿಪೇರಿ, ಪ್ರಾಡಕ್ಟ್ ಅಲ್ಲ. ಕಂಪನಿಯ ಖರ್ಚು ಉಳಿಸುವುದಕ್ಕೆ ಒಂದು ಮಿತಿ ಇದೆ, ಖರ್ಚಾಗುತ್ತಿರುವುದಕ್ಕಿಂತ ಜಾಸ್ತಿ ಉಳಿಸೋಕೆ ಆಗುವುದಿಲ್ಲ. ಪ್ರಾಡಕ್ಟ್ ಆಗಬೇಕಾದರೆ ಹೊರಗಿನ ಒಬ್ಬ ಗಿರಾಕಿ ಜೇಬಿಗೆ ಕೈ ಹಾಕಬೇಕು. ಹಾಗಾಗಿ ಒಳಗಿನ ತೇಪೆ ಕಂಡ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಇದೇ ಹರಿದ ಜಾಗಕ್ಕೆ ಗಿರಾಕಿ ಕಡೆಯಿಂದಲೂ ಯಾರಾದರೂ ತೇಪೆ ಹಾಕಿದ್ದಾರಾ?

ಅದನ್ನು ನೋಡಲು ಸರ್ವಿಸ್ ಇಂಜಿನಿಯರ್ ಜೊತೆ ಅವರ ಬೈಕಿನ ಹಿಂದೆ ಕೂತು ಐದು ಸೈಟಿಗೆ ಹೋದೆ. ಇದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ, ನಮ್ಮ ವಿಭಾಗದ್ದೇ ಕೆಲಸ. ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರು ಜನರೇಟರ್ ರೂಮಿನ ಪಕ್ಕದ ಸ್ಟೀಲ್ ಬೀರು ತೆಗೆದು ತೋರಿಸಿದರು. ಒಳಗೆ ಮೂರು ಆಯಿಲ್ ಫಿಲ್ಟರು, ಎರಡು ಡೀಸೆಲ್ ಫಿಲ್ಟರು, ಒಂದು ಫ್ಯಾನ್ ಬೆಲ್ಟು. ಒಂದೂ ನಮ್ಮ ಕಂಪನಿಯದಲ್ಲ. "ನಿಮ್ಮವರು ಬರೋದು ಎರಡು ದಿನ, ತಂದಿದ್ದು ಕೂರಲಿಲ್ಲ ಅಂದ್ರೆ ಇನ್ನೆರಡು ದಿನ. ಇಲ್ಲಿ ಆಪರೇಷನ್ ನಡೀತಿರತ್ತೆ ಸಾರ್. ಅದಕ್ಕೇ ಬಿ.ಎಚ್. ರಸ್ತೆ ಅಂಗಡಿಯಿಂದ ತಂದಿಟ್ಕೊಂಡಿದೀನಿ" ಅಂದರು. ಬೀರುವಿನ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದಲ್ಲಿ ಫಿಲ್ಟರ್ ನಂಬರು ಬರೆದಿತ್ತು.

ಆ ಸೀಮೆಸುಣ್ಣದ ನಂಬರು ನೋಡಿದಾಗ ನನಗೆ ಹೊಳೆಯಿತು. ನಮ್ಮ ಮೇಡಂ ಎಕ್ಸೆಲ್ ಶೀಟೂ ಈ ಬೀರುವಿನ ಬಾಗಿಲೂ ಒಂದೇ ಹರಕಿನ ಎರಡು ಕಡೆಯ ತೇಪೆ. ಒಂದು ವ್ಯತ್ಯಾಸ ಇತ್ತು, ಆ ಹಿರಿಯರು ಇದಕ್ಕಾಗಿ ಈಗಾಗಲೇ ದುಡ್ಡು ಕೊಡುತ್ತಿದ್ದರು. ನಮಗಲ್ಲ, ಬೇರೆಯವರಿಗೆ.

ವಾಪಸ್ ಬಂದು ಇನ್ನೊಂದು ಲೆಕ್ಕ ಹಾಕಿದೆ. ಆ ರೀಜನ್ನಿನಲ್ಲಿ ನಮ್ಮ ದಾಖಲೆ ಪ್ರಕಾರ 2,300 ಜನರೇಟರ್ ಇದ್ದವು. ಓಡಲಿ ಬಿಡಲಿ, ವರ್ಷಕ್ಕೆ ಒಂದು ಸಲವಾದರೂ ಎಣ್ಣೆ, ಫಿಲ್ಟರ್ ಬದಲಿಸಬೇಕು. ನಾವು ಆ ವರ್ಷ ಮಾರಿದ್ದು 610 ಫಿಲ್ಟರ್ ಸೆಟ್. ಉಳಿದ 1,690 ಜನರೇಟರಿಗೆ ಫಿಲ್ಟರ್ ಎಲ್ಲಿಂದ ಬಂತು? ಬಿ.ಎಚ್. ರಸ್ತೆಯಿಂದ, ಅಥವಾ ಬರಲೇ ಇಲ್ಲ. ಅದರಲ್ಲಿ ಮೂರನೇ ಒಂದು ಭಾಗ ನಮ್ಮ ಕಡೆ ಬಂದರೂ, ಫಿಲ್ಟರು, ಬೆಲ್ಟು ಎಲ್ಲಾ ಸೇರಿದ ಒಂದು ಕಿಟ್ಟಿಗೆ ₹4,200ರಂತೆ ಇಪ್ಪತ್ಮೂರು ಲಕ್ಷದ ಮೇಲೆ. ಅಂಥ ರೀಜನ್‌ಗಳು ಹನ್ನೊಂದು ಇದ್ದವು. ಈ ಹಾಳೆ ತೋರಿಸಿದಾಗ ಅದೇ ಮ್ಯಾನೇಜರ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ದೊಡ್ಡ ಕಂಪನಿಯ ಕಷ್ಟ ಇದೇ. ನಿಮಗೆ ಹತ್ತು ಲಕ್ಷ ದೊಡ್ಡದು, ಅವರಿಗೆ ಅದೊಂದು ಸಾಲೂ ಅಲ್ಲ. ಆದ್ದರಿಂದ ಒಂದು ಜಾಗದ ಲೆಕ್ಕವನ್ನು ನಿಜವಾಗಿ ಎಣಿಸಿ, ಎಷ್ಟು ಜಾಗಕ್ಕೆ ಗುಣಿಸಬಹುದು ಅನ್ನುವುದನ್ನು ಜೊತೆಯಲ್ಲೇ ತೋರಿಸಿ. ಎಣಿಸದೆ ಗುಣಿಸಿದರೆ ಮೊದಲ ಮೀಟಿಂಗಿನಲ್ಲೇ ಸಿಕ್ಕಿಬೀಳುತ್ತೀರಿ.

ಇನ್ನೊಂದು ಪ್ರಶ್ನೆ ನೀವೇ ಹಾಕಿಕೊಳ್ಳಬೇಕು. ಇದನ್ನು ಹೊರಗಿನ ಯಾರಾದರೂ ಮಾಡಬಹುದಲ್ಲ, ನಮ್ಮ ಕಂಪನಿಯೇ ಯಾಕೆ ಮಾಡಬೇಕು? ಕೆಲಸ ಬಿಡದೆ ಒಳಗಿದ್ದೇ ಪ್ರಾಡಕ್ಟ್ ಹುಡುಕುವವರಿಗೆ ಇರುವ ಲಾಭ ಇಲ್ಲೇ ಇರುವುದು. ಹೊರಗಿನವರಿಗೆ ಸಿಗದೇ ಇರುವ ಏನೋ ಒಂದು ನಿಮ್ಮ ಕಂಪನಿಯ ಗೋಡೌನಿನಲ್ಲೋ ಸರ್ವರ್‌ನಲ್ಲೋ ಬಿದ್ದಿರುತ್ತದೆ. ನಮಗೆ ಅದು ಯಾವ ಸೀರಿಯಲ್ ನಂಬರಿಗೆ ಯಾವ ಪಾರ್ಟ್ ಹಾಕಿ ಕಳಿಸಿದ್ದೆವು ಅನ್ನುವ ದಾಖಲೆ, ಮತ್ತು ಮೇಡಂ ತಿದ್ದಿಟ್ಟ ಶೀಟು. ಬಿ.ಎಚ್. ರಸ್ತೆ ಅಂಗಡಿಯವರಿಗೆ ಅವೆರಡೂ ಇರಲಿಲ್ಲ.

ಇದಕ್ಕೆ ಬೆಂಗಳೂರಿನದೇ ಒಂದು ದೊಡ್ಡ ಉದಾಹರಣೆ ಇದೆ. 2000ರ ದಶಕದ ಕೊನೆಗೆ ಜಿಇ ಹೆಲ್ತ್‌ಕೇರ್‌ನ ಬೆಂಗಳೂರು ಇಂಜಿನಿಯರುಗಳು ಮ್ಯಾಕ್ 400 ಅನ್ನುವ ಸಣ್ಣ ಇಸಿಜಿ ಯಂತ್ರ ಮಾಡಿದರು. ಆಗ ಇದ್ದ ಇಸಿಜಿ ಯಂತ್ರಗಳು ಭಾರ, ದುಬಾರಿ, ಕರೆಂಟ್ ಬೇಕು. ಹಳ್ಳಿ ಕಡೆಯ ಡಾಕ್ಟರು ರೋಗಿಯನ್ನು ಇಸಿಜಿಗೆ ಅಂತ ಪೇಟೆಗೆ ಕಳಿಸುತ್ತಿದ್ದರು. ಅದೂ ಒಂದು ತೇಪೆಯೇ, ರೋಗಿಯ ಬಸ್ ಚಾರ್ಜಿನಲ್ಲಿ ಹಾಕಿದ ತೇಪೆ. ಇಸಿಜಿ ಓದುವ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಯಂತ್ರಗಳಿಗಾಗಿ ಮೊದಲೇ ತಯಾರಾಗಿತ್ತು. ಬೇಕಾಗಿದ್ದದ್ದು ಸಣ್ಣ ಡಬ್ಬಿ. ದೊಡ್ಡ ಪ್ರಿಂಟರಿನ ಬದಲು, ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷೀನಿನಂಥದರ ಪ್ರಿಂಟರ್ ಹಾಕಿದರು. ಗುಂಡಿಗಳನ್ನು ಬರೀ ನಾಲ್ಕಕ್ಕೆ ಇಳಿಸಿದರು. ಬ್ಯಾಟರಿಯಲ್ಲಿ ಓಡುವಂತೆ ಮಾಡಿದರು. ಸುಮಾರು 2,000 ಡಾಲರಿನ ಯಂತ್ರದ ಜಾಗದಲ್ಲಿ 800 ಡಾಲರಿನದು ಬಂತು. ಹೊರಗಿನ ಸಣ್ಣ ಕಂಪನಿ ಟಿಕೆಟ್ ಪ್ರಿಂಟರ್ ತರಬಹುದಿತ್ತು, ಆದರೆ ಹೃದಯದ ಗೆರೆ ಓದುವ ವರ್ಷಗಳ ಕೆಲಸವನ್ನು ಎಲ್ಲಿಂದ ತರುತ್ತಿತ್ತು? ದುಬಾರಿ ಭಾಗ ಮನೆಯಲ್ಲೇ ಇದೆ, ಅಗ್ಗದ ಭಾಗ ಪೇಟೆಯಲ್ಲಿ ಸಿಗುತ್ತದೆ. ಇಂಥ ಜೋಡಿ ಕಂಡರೆ ಬಿಡಬೇಡಿ.

ಈಗ ಪರೀಕ್ಷೆಗೆ ಬರೋಣ. ಸ್ಲೈಡ್ ಮಾಡಿ ಹತ್ತು ಗಿರಾಕಿಗಳಿಗೆ "ಇಂಥದ್ದು ಬಂದರೆ ತಗೊಳ್ತೀರಾ?" ಅಂತ ಕೇಳಿದರೆ ಎಂಟು ಜನ ಹೌದು ಅನ್ನುತ್ತಾರೆ. ನಮ್ಮ ಜನರಿಗೆ ಮುಖದ ಮೇಲೆ ಬೇಡ ಅನ್ನುವ ಅಭ್ಯಾಸ ಇಲ್ಲ. ಆ ಹೌದಿಗೆ ಬೆಲೆಯೂ ಇಲ್ಲ. ಉಲ್ಟಾ ಕೂಡ ಆಗುತ್ತದೆ. ಕಾಗದದಲ್ಲಿ ನೋಡಿ ಬೇಡ ಅಂದವರು ಕೈಗೆ ಸಿಕ್ಕಾಗ ಬಿಡುವುದಿಲ್ಲ. ಈಗ ಎಲ್ಲ ಆಫೀಸಿನಲ್ಲೂ ಇರುವ ಹಳದಿ ಪೋಸ್ಟ್-ಇಟ್ ಚೀಟಿಯ ಕತೆ ಅದೇ. ಅಮೆರಿಕದ 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಸರಿಯಾಗಿ ಅಂಟದ ಒಂದು ಅಂಟು ಮಾಡಿದ್ದರು. ಅದಕ್ಕೊಂದು ಉಪಯೋಗ ಹೊಳೆದದ್ದು 1974ರಲ್ಲಿ, ಅದೇ ಕಂಪನಿಯ ಆರ್ಟ್ ಫ್ರೈ ಅವರಿಗೆ. ಚರ್ಚಿನಲ್ಲಿ ಹಾಡುವಾಗ ಪುಸ್ತಕದಲ್ಲಿಟ್ಟ ಚೀಟಿ ಜಾರಿ ಬೀಳುತ್ತಿತ್ತು ಅಂತ. 1977ರಲ್ಲಿ ನಾಲ್ಕು ಊರಿನಲ್ಲಿ ಮಾರಲು ಇಟ್ಟಾಗ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಮುಂದಿನ ವರ್ಷ ಬಾಯ್ಸಿ ಅನ್ನುವ ಊರಿನ ಆಫೀಸುಗಳಿಗೆ ಸುಮ್ನೆ ಹಂಚಿದರು. ಬಳಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಕೊಳ್ಳುತ್ತೇವೆ ಅಂದರು. ವಸ್ತು ಅದೇ, ತೋರಿಸಿದ ರೀತಿ ಬೇರೆ.

ನಾವು ಸಾಫ್ಟ್‌ವೇರ್ ಮಾಡಲಿಲ್ಲ, ಆ್ಯಪ್ ಮಾಡಲಿಲ್ಲ. ರಟ್ಟಿನ ಡಬ್ಬಿ ತಂದು ಕೈಯಲ್ಲೇ 20 ಕಿಟ್ ಕಟ್ಟಿದೆವು. ಆಯಿಲ್ ಫಿಲ್ಟರು, ಡೀಸೆಲ್ ಫಿಲ್ಟರು, ಏರ್ ಫಿಲ್ಟರು, ಆಯಿಲ್ ತೆಗೆಯುವ ಬೋಲ್ಟಿನ ವಾಷರು, ಬೆಲ್ಟು. ಡಬ್ಬಿ ಮೇಲೆ ಆ ಗಿರಾಕಿಯ ಜನರೇಟರ್ ಸೀರಿಯಲ್ ನಂಬರು ಮಾರ್ಕರಿನಲ್ಲಿ ಬರೆದೆವು. ಅಷ್ಟೇ ನಮ್ಮ ಹೊಸತನ. 'ಈ ಡಬ್ಬಿ ನಿಮ್ಮ ಮಷೀನಿಗೇ' ಅನ್ನುವ ಭರವಸೆ. ಒಬ್ಬ ಡೀಲರ್ ಮೂಲಕ ಪೂರ್ತಿ ಬೆಲೆಗೆ ಮಾರಲು ಇಟ್ಟೆವು. ಫ್ರೀ ಕೊಡಲಿಲ್ಲ, ಯಾಕೆಂದರೆ ನಮಗೆ ಗೊತ್ತಾಗಬೇಕಾಗಿದ್ದು ಇಷ್ಟವಾಗುತ್ತದಾ ಅಂತಲ್ಲ, ದುಡ್ಡು ಬಿಚ್ಚುತ್ತಾರಾ ಅಂತ. ಆರು ವಾರದಲ್ಲಿ 14 ಹೋದವು.

ಮೂರು ವಾಪಸ್ ಬಂದವು, ಫಿಲ್ಟರ್ ಕೂರಲಿಲ್ಲ ಅಂತ. ನನಗೆ ಮುಖ ತೋರಿಸಲು ಆಗಲಿಲ್ಲ. ತಪ್ಪು ಪಾರ್ಟಿಗೆ ಮದ್ದು ಅಂತ ಮಾಡಿದ ಡಬ್ಬಿಯಲ್ಲೇ ತಪ್ಪು ಪಾರ್ಟ್! ಮೂರೂ ಸೈಟಿಗೆ ಹೋಗಿ ನೋಡಿದರೆ ಕಾರಣ ಒಂದೇ. ಜನರೇಟರಿನ ಹೊರಗಿನ ಕ್ಯಾನಪಿ ಮೇಲೆ ಒಂದು ತಗಡಿನ ಪ್ಲೇಟು ಇರುತ್ತದೆ, ಒಳಗೆ ಎಂಜಿನ್ ಮೇಲೆ ಬೇರೆಯೇ ಒಂದು ಪ್ಲೇಟು ಇರುತ್ತದೆ. ಗಿರಾಕಿ ಓದಿ ಹೇಳಿದ್ದು ಹೊರಗಿನದು. ಆ ಮೂರರಲ್ಲಿ ಎಂಜಿನ್ ಯಾವಾಗಲೋ ಬದಲಾಗಿತ್ತು. ಫಿಲ್ಟರ್ ಕೂರುವುದು ಎಂಜಿನ್ನಿಗೆ, ಕ್ಯಾನಪಿಗಲ್ಲ. ಅಲ್ಲಿಂದ ಮುಂದೆ ಆರ್ಡರ್ ಮಾಡುವವರು ಎಂಜಿನ್ ಪ್ಲೇಟಿನ ಫೋಟೋ ಕಳಿಸಲೇಬೇಕು ಅಂತ ಮಾಡಿದೆವು. ಇದು ಲಕ್ಷಾಂತರ ಖರ್ಚು ಮಾಡಿ ಸಾಫ್ಟ್‌ವೇರ್ ಕಟ್ಟಿದ ಮೇಲೆ ಗೊತ್ತಾಗಿದ್ದರೆ ಪ್ರಾಜೆಕ್ಟೇ ಮುಗಿದುಹೋಗುತ್ತಿತ್ತು. 20 ರಟ್ಟಿನ ಡಬ್ಬಿಯಲ್ಲಿ ಗೊತ್ತಾಯಿತು. (ಇವತ್ತು ಇಂಥ ಕಿಟ್ ಯಾವ ಕಂಪನಿಗೂ ಹೊಸದಲ್ಲ, ಆಗ ನಮ್ಮಲ್ಲಿ ಇರಲಿಲ್ಲ ಅಷ್ಟೇ.)

ಹಾಗಂತ ಕೈಯಲ್ಲಿ ಮಾಡಿದ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಇಪ್ಪತ್ತು ಡಬ್ಬಿ ನಾನೂ ಮೇಡಂ ಸೇರಿ ಕಟ್ಟಿದೆವು, ಎರಡು ಸಾವಿರ ಡಬ್ಬಿ ಯಾರು ಕಟ್ಟುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ. ಗೋಡೌನಿನವರು ಐದು ಪಾರ್ಟನ್ನು ಒಂದು ನಂಬರಿನಲ್ಲಿ ಬಿಲ್ ಮಾಡಲು ಸಿಸ್ಟಮ್ ಬಿಡುವುದಿಲ್ಲ ಅಂದರು. ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಅದರ ಗೋಳು ಇಲ್ಲಿ ಬೇಡ.

ಮೇಡಂ ವಿಷಯ ಮಾತ್ರ ಹೇಳಲೇಬೇಕು. ಅವರ ಶೀಟು ಕೇಳಿದಾಗ ಮೊದಲು ಕೊಡಲಿಲ್ಲ. ನಾನು ಸ್ವಲ್ಪ ಕೋಪ ಮಾಡಿಕೊಂಡೆ ಕೂಡ. ಆಮೇಲೆ ಅರ್ಥವಾಯಿತು. ಹದಿನಾರು ವರ್ಷ ಕೂಡಿಟ್ಟಿದ್ದು ಅವರ ಮರ್ಯಾದೆ, ಅವರ ಕುರ್ಚಿಯ ಭದ್ರತೆ. ಅದನ್ನು ಒಬ್ಬ ಬಂದು ಪೆನ್ ಡ್ರೈವಿಗೆ ಹಾಕಿಕೊಡಿ ಅಂದರೆ ಯಾರು ಕೊಡುತ್ತಾರೆ? ಪ್ರಸ್ತಾವದಲ್ಲಿ ಅವರ ಹೆಸರನ್ನು ನನ್ನ ಹೆಸರಿನ ಮೇಲೆ ಬರೆದೆ, ಕಿಟ್‌ನ ಪಾರ್ಟ್ ಪಟ್ಟಿಗೆ ಸಹಿ ಅವರದೇ ಇರಬೇಕು ಅಂತ ಒಪ್ಪಿಸಿದೆ. ಅದಾದ ಮೇಲೆ ಅವರು ಕೇಳದೇ ಇದ್ದದ್ದನ್ನೂ ಹೇಳಿಕೊಟ್ಟರು. ತೇಪೆ ಹಾಕಿದವರನ್ನು ಬಿಟ್ಟು ಪ್ರಾಡಕ್ಟ್ ಮಾಡಲು ಹೊರಟರೆ ಅರ್ಧ ಜ್ಞಾನ ಹೊರಗೇ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಅದು ಕಳ್ಳತನ ಆಗುತ್ತದೆ.

ಕಳ್ಳತನದ ಮಾತು ಬಂತು. ಅದಕ್ಕೂ ಹಿಂದಿನ ಒಂದು ಕಂಪನಿಯಲ್ಲಿ ನನಗೇ ಆಗಿದೆ. ಒಂದು ಐಡಿಯಾವನ್ನು ದೊಡ್ಡ ಮೀಟಿಂಗಿನಲ್ಲಿ ಹೇಳಿದೆ, ಲೆಕ್ಕ ಇಲ್ಲ, ಪರೀಕ್ಷೆ ಇಲ್ಲ, ಬರೀ ಮಾತು. ಎರಡು ತಿಂಗಳಲ್ಲಿ ಬೇರೆ ವಿಭಾಗದವರ ಸ್ಲೈಡಿನಲ್ಲಿ ನೋಡಿದೆ. ಅವರು ಕದ್ದರು ಅಂತ ಬಹಳ ದಿನ ಗೊಣಗಿದೆ. ಆದರೆ ನನ್ನ ಹತ್ತಿರ ಇದ್ದದ್ದು ಒಂದು ವಾಕ್ಯ ಮಾತ್ರ, ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. 420 ಕಾಲ್ ಓದಿದವನನ್ನು ಬಿಟ್ಟು ಆ ಕೆಲಸ ಮಾಡುವುದು ಅಷ್ಟು ಸುಲಭ ಅಲ್ಲ.

ಇದರಿಂದಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುತ್ತದೆ. ತೇಪೆ ಹುಡುಕುವಾಗ, ಎಣಿಸುವಾಗ ಮ್ಯಾನೇಜರಿಗೆ ದೊಡ್ಡದಾಗಿ ಹೇಳುವ ಅಗತ್ಯ ಇಲ್ಲ. ನಿಮ್ಮ ಕೆಲಸದ ವ್ಯಾಪ್ತಿಯಲ್ಲಿರುವ ದಾಖಲೆಯನ್ನು ಗಮನವಿಟ್ಟು ಓದುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಗಿರಾಕಿಯ ಕೈಗೆ ಏನನ್ನಾದರೂ ಕೊಡುವ ಮುಂಚೆ, ಕಂಪನಿಯ ಒಂದು ರೂಪಾಯಿ ಖರ್ಚಾಗುವ ಮುಂಚೆ ಹೇಳಲೇಬೇಕು. ಇದರಲ್ಲಿ ಗುಟ್ಟು ಮಾಡಿದರೆ ಆಮೇಲೆ ಒಳ್ಳೆ ಫಲಿತಾಂಶ ಬಂದರೂ ನಿಮ್ಮ ಮೇಲೆ ನಂಬಿಕೆ ಹೋಗಿರುತ್ತದೆ. ಕೇಳುವುದು ಸಣ್ಣದಿರಲಿ. ನಾನು ಕೇಳಿದ್ದು ಎಂಟು ವಾರ, ವಾರಕ್ಕೆ ಒಂದು ದಿನ, 20 ಕಿಟ್ಟಿಗೆ ಬೇಕಾದ ಪಾರ್ಟು. ಅದರ ಜೊತೆಗೆ ಇಷ್ಟು ಹೇಳಿದ್ದೆ: "ಹತ್ತಕ್ಕಿಂತ ಕಡಿಮೆ ಮಾರಿದರೆ ನಾನೇ ನಿಲ್ಲಿಸ್ತೀನಿ." ನಿಲ್ಲಿಸುವ ಗೆರೆಯನ್ನು ನೀವೇ ಮೊದಲು ಎಳೆದರೆ ಒಪ್ಪುವವರಿಗೆ ಧೈರ್ಯ ಬರುತ್ತದೆ. ಮತ್ತೆ ಎಂ.ಡಿ. ಹತ್ತಿರ ಹೋಗಬೇಡಿ. ಈ ತೊಂದರೆಯಿಂದ ಯಾರ ತಿಂಗಳ ರಿಪೋರ್ಟ್ ಕೆಂಪಾಗುತ್ತಿದೆಯೋ ಅವರ ಹತ್ತಿರ ಹೋಗಿ. ನಮ್ಮಲ್ಲಿ ಅದು ಸ್ಪೇರ್ ಮಾರಾಟದ ಟಾರ್ಗೆಟ್ ಮುಟ್ಟದೇ ಒದ್ದಾಡುತ್ತಿದ್ದ ರೀಜನಲ್ ಮ್ಯಾನೇಜರ್.

ಹಕ್ಕಿನ ವಿಷಯವನ್ನೂ ಮೊದಲೇ ತಿಳಿದುಕೊಂಡಿರಿ. ಕೆಲಸದ ಭಾಗವಾಗಿ ನೀವು ಬರೆದ ಸಾಫ್ಟ್‌ವೇರ್, ಕೈಪಿಡಿ, ಡ್ರಾಯಿಂಗ್ ಇವುಗಳ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದು. 1957ರ ಕಾಪಿರೈಟ್ ಕಾಯಿದೆ ಹಾಗೆ ಹೇಳುತ್ತದೆ. ಪೇಟೆಂಟ್ ವಿಷಯದಲ್ಲಿ ಕಾಯಿದೆ ತಾನಾಗಿ ಕಂಪನಿಗೆ ಕೊಡುವುದಿಲ್ಲ, ಆದರೆ ಸೇರುವಾಗ ನೀವು ಸಹಿ ಹಾಕಿದ ಪತ್ರದಲ್ಲಿ ಬರೆದುಕೊಟ್ಟಿರುತ್ತೀರಿ. ಆ ಹಳೇ ಪತ್ರ ಹುಡುಕಿ ಓದಿ. ಪೇಟೆಂಟ್ ಕಂಪನಿಯದಾದರೂ ಕಂಡುಹಿಡಿದವರು ಅಂತ ನಿಮ್ಮ ಹೆಸರು ಬರಬೇಕು, ಅದನ್ನು ಬಿಟ್ಟುಕೊಡಬೇಡಿ. ಮತ್ತೆ ಕಂಪನಿಯ ಗಿರಾಕಿ ಪಟ್ಟಿಯನ್ನು ರಾತ್ರಿ ಮನೆಯಲ್ಲಿ ನೋಡೋಣ ಅಂತ ಸ್ವಂತ ಲ್ಯಾಪ್‌ಟಾಪಿಗೆ ಕಳಿಸಿಕೊಳ್ಳಬೇಡಿ. ಎಷ್ಟೇ ಒಳ್ಳೆ ಉದ್ದೇಶ ಇರಲಿ, ಕೆಲಸ ಹೋಗುವುದು ಇಂಥದಕ್ಕೇ.

ಇನ್ನು ನಿಮ್ಮ ಜಾಗ. ನಿಮಗೆ ಗೊತ್ತಿಲ್ಲ, ನೀವು ಕೂತಿರುವುದು ಒಳ್ಳೇ ಜಾಗದಲ್ಲಿ. ವಾರಂಟಿ ಕ್ಲೇಮಿನಲ್ಲಿ ಎಲ್ಲರೂ ನೋಡುವುದು ಪಾಸಾದದ್ದನ್ನು, ಯಾಕೆಂದರೆ ಅದು ಕಂಪನಿಯ ಖರ್ಚು. ನೀವು ರಿಜೆಕ್ಟ್ ಆದದ್ದನ್ನು ತೆಗೆಯಿರಿ. 'ಡ್ರೈ ರನ್', 'ವೋಲ್ಟೇಜ್ ಸಮಸ್ಯೆ', 'ಗಿರಾಕಿಯ ತಪ್ಪು ಬಳಕೆ'. ಒಂದೇ ತಪ್ಪನ್ನು ನೂರಾರು ಗಿರಾಕಿಗಳು ಮಾಡುತ್ತಿದ್ದರೆ ಅದು ತಪ್ಪಲ್ಲ, ಅವರ ಜೀವನ ಇರುವುದೇ ಹಾಗೆ. ಬೋರ್‌ವೆಲ್ ಪಂಪ್ ಆದರೆ ನಿಮಗೇ ಗೊತ್ತು. ತ್ರೀ ಫೇಸ್ ಕರೆಂಟ್ ಕೊಡುವುದು ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ರೈತರು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ, ನೀರಿಲ್ಲದಿದ್ದರೂ ಮೋಟಾರ್ ಓಡುತ್ತಿರುತ್ತದೆ. ಕೆಲವರು ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟಾರನ್ನು ಫೇಸ್ ಕಡಿಮೆ ಇದ್ದಾಗಲೂ ಓಡಿಸುತ್ತಾರೆ. ಕಾಯಿಲ್ ಸುಡುತ್ತದೆ. ನಿಮ್ಮ ಟೀಮು ರಿಜೆಕ್ಟ್ ಅಂತ ಒತ್ತುತ್ತದೆ. ಅಲ್ಲಿ ಎರಡೆರಡು ತೇಪೆ ಇವೆ ಅಲ್ವಾ?

ತಕ್ಷಣ ಮೊಬೈಲ್ ಸ್ಟಾರ್ಟರ್ ಮಾಡೋಣ ಅಂತ ಹೊರಡಬೇಡಿ. ಅದು ಮಾರುಕಟ್ಟೆಯಲ್ಲಿ ವರ್ಷಗಳಿಂದ ಇದೆ. ಆರು ತಿಂಗಳ ರಿಜೆಕ್ಟ್ ಕ್ಲೇಮುಗಳನ್ನು ತೆಗೆದು, ಕಾರಣ ಮತ್ತು ಊರಿನ ಪ್ರಕಾರ ಜೋಡಿಸಿ. ಒಂದೇ ಕಾರಣ ಗುಂಪಾಗಿ ಕಾಣುವ ಒಂದು ತಾಲೂಕು ಆರಿಸಿ. ಅಲ್ಲಿನ ಡೀಲರ್ ಬೇಡ, ಅವರು ನಿಮಗೆ ಇಷ್ಟವಾಗುವುದನ್ನೇ ಹೇಳುತ್ತಾರೆ. ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ನೀವು ರಿಜೆಕ್ಟ್ ಮಾಡಿದ ಮೋಟಾರು ಹೋಗುವುದು ಅಲ್ಲಿಗೇ. ಯಾವುದು ಹೇಗೆ ಸುಟ್ಟಿತ್ತು, ರೈತರು ಎಷ್ಟು ಕೊಟ್ಟು ಸುತ್ತಿಸಿಕೊಂಡರು, ಅದೇ ಮೋಟಾರ್ ಎಷ್ಟು ತಿಂಗಳಿಗೆ ಮತ್ತೆ ಬಂತು, ಎಲ್ಲಾ ಅವರಿಗೆ ಗೊತ್ತಿರುತ್ತದೆ. ಕೆಲವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಆ ಪುಸ್ತಕ ತೋರಿಸಿ ಅಂತ ಮೊದಲ ದಿನವೇ ಕೇಳಬೇಡಿ. ಬೆಳಗ್ಗೆ ಬೇಗ ಹೋಗಿ, ಹೊತ್ತೇರಿದ ಮೇಲೆ ಪಂಪ್ ಎತ್ತುವುದಕ್ಕೆ ತೋಟಕ್ಕೆ ಹೊರಟುಬಿಟ್ಟಿರುತ್ತಾರೆ.